‘ನೀನೊಬ್ಬ ತಜ್ಞ’ ಎಂದರೆ ಚಾಟ್‌ಬಾಟ್ ತಜ್ಞನಾಗುತ್ತದೆಯೇ?

ಚಾಟ್‌ಬಾಟ್ ಬಳಸುವವರ ನಡುವೆ ಒಂದು ಸಲಹೆ ಬಾಯಿಂದ ಬಾಯಿಗೆ ಹರಡಿದೆ. ಪ್ರಶ್ನೆ ಕೇಳುವ ಮುಂಚೆ ಅದಕ್ಕೊಂದು ಪಾತ್ರ ಕೊಡಬೇಕಂತೆ. ‘ನೀನು 20 ವರ್ಷ ಅನುಭವವಿರುವ ವಕೀಲ’, ‘ನೀನು ಹೆಸರಾಂತ ಹೃದ್ರೋಗ ತಜ್ಞ’, ‘ನೀನು ಕೃಷಿ ವಿಜ್ಞಾನಿ’ ಎಂದು ಮೊದಲೇ ಹೇಳಿಬಿಟ್ಟರೆ ಉತ್ತರ ಹೆಚ್ಚು ಸರಿಯಾಗಿ ಬರುತ್ತದೆ ಎಂಬ ನಂಬಿಕೆ. ಇದಕ್ಕೆ ರೋಲ್ ಪ್ರಾಂಪ್ಟಿಂಗ್ ಎನ್ನುತ್ತಾರೆ. ಈ ನಂಬಿಕೆಯಲ್ಲಿ ಅರ್ಧ ನಿಜವಿದೆ. ಪಾತ್ರ ಕೊಟ್ಟಾಗ ಉತ್ತರ ಬದಲಾಗುವುದು ನಿಜ. ಆದರೆ ಬದಲಾಗುವುದು ಏನು, ಬದಲಾಗದೆ ಉಳಿಯುವುದು ಏನು ಎಂಬುದನ್ನು ಬೇರೆ ಮಾಡಿ ನೋಡದಿದ್ದರೆ, ಉಪಯೋಗಕ್ಕಿಂತ ಅಪಾಯವೇ ಹೆಚ್ಚು.

ಒಂದು ಉದಾಹರಣೆಯನ್ನು ಹಿಡಿದು ಕೊನೆಯವರೆಗೂ ನೋಡೋಣ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿದವರಿಗೆಲ್ಲ ಇದರ ಪರಿಚಯ ಇರುತ್ತದೆ.

ಅಡ್ವಾನ್ಸ್ ವಾಪಸ್ ಕೇಳುವ ಪತ್ರ

ತಿಂಗಳಿಗೆ 15,000 ರೂಪಾಯಿ ಬಾಡಿಗೆ, 1,50,000 ಅಡ್ವಾನ್ಸ್. ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಬಹುದು ಎಂದು ಅಗ್ರಿಮೆಂಟ್‌ನಲ್ಲಿ ಇದೆ. ಬಾಡಿಗೆದಾರರು ಎರಡು ತಿಂಗಳು ಮೊದಲೇ ಹೇಳಿ, ಮೇ 31ಕ್ಕೆ ಮನೆ ಖಾಲಿ ಮಾಡಿ ಬೀಗದ ಕೈ ಕೊಟ್ಟಿದ್ದಾರೆ. ಬರಬೇಕಾದದ್ದು 1,35,000. ಓನರ್ ಕೊಟ್ಟಿದ್ದು 90,000. ಉಳಿದ 45,000 ರೂಪಾಯಿಯನ್ನು ‘ರಿಪೇರಿ ಖರ್ಚು’ ಎಂದು ಹಿಡಿದುಕೊಂಡಿದ್ದಾರೆ, ಬಿಲ್ ತೋರಿಸಿಲ್ಲ. ಈಗ ಓನರ್‌ಗೆ ಒಂದು ಪತ್ರ ಬರೆಯಬೇಕು.

ಚಾಟ್‌ಬಾಟ್‌ಗೆ ಸುಮ್ಮನೆ ‘ಅಡ್ವಾನ್ಸ್ ವಾಪಸ್ ಕೇಳಿ ಮನೆ ಓನರ್‌ಗೆ ಪತ್ರ ಬರೆದುಕೊಡು’ ಎಂದರೆ ಸಾಮಾನ್ಯವಾಗಿ ವಿನಯದ ಒಂದು ಮನವಿ ಬರುತ್ತದೆ: ‘ಮಾನ್ಯರೆ, ನಾನು ತಮ್ಮ ಮನೆಯಲ್ಲಿ ಬಾಡಿಗೆಗೆ ಇದ್ದವನು. ನನ್ನ ಮುಂಗಡ ಹಣದ ಬಾಕಿಯನ್ನು ದಯವಿಟ್ಟು ಮರಳಿಸಬೇಕೆಂದು ಕೋರುತ್ತೇನೆ.’ ಅದೇ ಕೋರಿಕೆಯ ಮುಂದೆ ‘ನೀನು 20 ವರ್ಷ ಅನುಭವವಿರುವ ಹೈಕೋರ್ಟ್ ವಕೀಲ’ ಎಂದು ಸೇರಿಸಿದರೆ ಪತ್ರದ ಮುಖವೇ ಬದಲಾಗುತ್ತದೆ: ‘ನನ್ನ ಕಕ್ಷಿದಾರರ ಸೂಚನೆಯ ಮೇರೆಗೆ ಈ ನೋಟೀಸನ್ನು ನೀಡಲಾಗುತ್ತಿದೆ. ಇದು ತಲುಪಿದ 15 ದಿನಗಳ ಒಳಗಾಗಿ ಬಾಕಿ ಮೊತ್ತವನ್ನು ಸಂದಾಯ ಮಾಡತಕ್ಕದ್ದು. ತಪ್ಪಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು. ಅದರ ಖರ್ಚುವೆಚ್ಚಗಳಿಗೆ ತಾವೇ ಹೊಣೆಗಾರರಾಗುತ್ತೀರಿ.’

ಎರಡನೆಯದನ್ನು ಓದಿದವರಿಗೆ ಇದು ಬಲ್ಲವರು ಬರೆದದ್ದು ಎನಿಸುತ್ತದೆ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಾಕಿ 45,000 ಎಂಬುದು ಎರಡರಲ್ಲೂ ಇಲ್ಲ, ಏಕೆಂದರೆ ಅದನ್ನು ನಾವು ಹೇಳಲಿಲ್ಲ. ಪೇಂಟಿಂಗ್ ಹಣವನ್ನು ಬಾಡಿಗೆದಾರರು ಒಪ್ಪಿಕೊಂಡಿದ್ದಾರೆ ಎಂಬುದಿಲ್ಲ. ಮನೆ ಖಾಲಿ ಮಾಡಿದ ದಿನ ಇಲ್ಲ. ರಿಪೇರಿಯ ಬಿಲ್ ಎಲ್ಲಿ ಎಂಬ ಪ್ರಶ್ನೆಯೂ ಇಲ್ಲ. ಜಗಳ ಇರುವುದೇ ಆ ಬಿಲ್ಲಿನಲ್ಲಿ. ವಕೀಲನ ಪಾತ್ರ ಪತ್ರಕ್ಕೆ ದನಿ ಕೊಟ್ಟಿತು, ಹುರುಳು ಕೊಡಲಿಲ್ಲ.

ಒಳಗೆ ನಡೆಯುವುದೇನು

ಚಾಟ್‌ಬಾಟ್‌ನ ಹಿಂದಿರುವ ಭಾಷಾ ಮಾಡೆಲ್ ತನ್ನ ಮುಂದಿರುವ ಅಷ್ಟೂ ಬರಹವನ್ನು ನೋಡಿ, ಮುಂದೆ ಯಾವ ತುಣುಕು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುತ್ತ ಉತ್ತರ ಕಟ್ಟುತ್ತದೆ. ನಾವು ಬರೆದ ‘ನೀನು ವಕೀಲ’ ಎಂಬ ಮಾತೂ ಆ ಬರಹದ ಭಾಗವೇ. ಅದು ಎದುರಿಗಿದ್ದಾಗ ವಕೀಲರ ನೋಟೀಸುಗಳಲ್ಲಿ ಬರುವ ಪದ, ವಾಕ್ಯ, ಕ್ರಮ ಇವುಗಳ ಸಂಭವ ಏರುತ್ತದೆ. ನೆರೆಹೊರೆಯವರು ಬರೆಯುವ ಚೀಟಿಯ ಭಾಷೆ ಹಿಂದೆ ಸರಿಯುತ್ತದೆ. ಪಾತ್ರದ ಕೆಲಸ ಇಷ್ಟು. ಕಲಿಕೆಯ ಹೊತ್ತಿನಲ್ಲಿ ಮಾಡೆಲ್‌ಗೆ ದಕ್ಕದೇ ಇದ್ದ ಸಂಗತಿಯೊಂದು ಪಾತ್ರ ಕೊಟ್ಟ ಮಾತ್ರಕ್ಕೆ ಒಳಗೆ ಹುಟ್ಟಿಕೊಳ್ಳುವುದಿಲ್ಲ.

ಹಾಗಿದ್ದರೆ ಈ ಸಲಹೆ ಹುಟ್ಟಿದ್ದಾದರೂ ಹೇಗೆ? ಅದಕ್ಕೂ ಕಾರಣವಿದೆ. 2020ರಲ್ಲಿ ಬಂದ ಜಿಪಿಟಿ-3ರಂಥ ಮಾಡೆಲ್‌ಗಳು ಪ್ರಶ್ನೆಗೆ ಉತ್ತರ ಕೊಡಲೆಂದೇ ತರಬೇತಾದವಲ್ಲ. ಕೊಟ್ಟ ಬರಹವನ್ನು ಮುಂದುವರಿಸುವುದು ಅವುಗಳ ಕೆಲಸ. ಇಂಟರ್‌ನೆಟ್‌ನಲ್ಲಿ ಬಲ್ಲವರ ಬರಹವೂ ಇದೆ, ಬಾಯಿಗೆ ಬಂದದ್ದನ್ನು ಬರೆದವರದ್ದೂ ಇದೆ. ಇವುಗಳಲ್ಲಿ ಯಾವುದನ್ನು ಮುಂದುವರಿಸಬೇಕು ಎಂದು ಸೂಚಿಸಲು ‘ಕೆಳಗಿನದು ತಜ್ಞ ವೈದ್ಯರ ಉತ್ತರ’ ಎಂಬಂಥ ಪೀಠಿಕೆ ನಿಜಕ್ಕೂ ನೆರವಾಗುತ್ತಿತ್ತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬರುವ ಹೊತ್ತಿಗೆ ಪರಿಸ್ಥಿತಿ ಬದಲಾಗಿತ್ತು. ಸೂಚನೆಯನ್ನು ಪಾಲಿಸುವಂತೆ, ಜನ ಮೆಚ್ಚುವ ಉತ್ತರ ಕೊಡುವಂತೆ ಈ ಮಾಡೆಲ್‌ಗಳನ್ನು ಮತ್ತೊಂದು ಸುತ್ತು ಪಳಗಿಸಿರುತ್ತಾರೆ. ಹೇಳದೇ ಇದ್ದರೂ ಅವು ತಮ್ಮಿಂದಾದಷ್ಟು ಒಳ್ಳೆಯ ಉತ್ತರವನ್ನೇ ಕೊಡಲು ನೋಡುತ್ತವೆ. ತಜ್ಞ ಎಂದು ಕರೆದರೆ ಮಾತ್ರ ಬಿಚ್ಚಿಕೊಳ್ಳುವ ಗುಟ್ಟಿನ ಗಂಟು ಅವುಗಳಲ್ಲಿ ಇಲ್ಲ. ಸಲಹೆ ಹಳೆಯದು, ಯಂತ್ರ ಹೊಸದು.

162 ಪಾತ್ರಗಳ ಪರೀಕ್ಷೆ

ಇದನ್ನು ಊಹೆಗೆ ಬಿಡದೆ ಅಳೆದು ನೋಡಿದವರಿದ್ದಾರೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರೂ ಇದ್ದ ಸಂಶೋಧಕರ ತಂಡವೊಂದು 162 ಪಾತ್ರಗಳನ್ನು ಆರಿಸಿಕೊಂಡಿತು. ವಕೀಲ, ವೈದ್ಯರಂಥ ವೃತ್ತಿಯ ಪಾತ್ರಗಳ ಜೊತೆಗೆ ತಾಯಿ, ಗೆಳೆಯರಂಥ ಸಂಬಂಧದ ಪಾತ್ರಗಳೂ ಇದ್ದವು. ಖಚಿತ ಉತ್ತರವಿರುವ 2,410 ಪ್ರಶ್ನೆಗಳನ್ನು ನಾಲ್ಕು ಮಾಡೆಲ್ ಕುಟುಂಬಗಳ ಮುಂದಿಟ್ಟು, ಪಾತ್ರ ಕೊಟ್ಟಾಗ ಮತ್ತು ಕೊಡದಿದ್ದಾಗ ಎಷ್ಟು ಸರಿಯುತ್ತರ ಬಂತೆಂದು ಎಣಿಸಿದರು. 2024ರಲ್ಲಿ ಪ್ರಕಟವಾದ ಅವರ ತೀರ್ಮಾನ ನೇರವಾಗಿದೆ: ಏನೂ ಪಾತ್ರ ಕೊಡದೆ ಕೇಳಿದ್ದಕ್ಕಿಂತ ಪಾತ್ರ ಕೊಟ್ಟು ಕೇಳಿದಾಗ ಸರಿಯುತ್ತರಗಳು ಹೆಚ್ಚಲಿಲ್ಲ.

ಅದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದೊಂದೇ ಪ್ರಶ್ನೆಯನ್ನು ತೆಗೆದು ನೋಡಿದರೆ, ಯಾವುದೋ ಒಂದು ಪಾತ್ರದಲ್ಲಿ ತಪ್ಪಾದದ್ದು ಇನ್ನೊಂದು ಪಾತ್ರದಲ್ಲಿ ಸರಿಯಾಗಿರುತ್ತದೆ. ಹಾಗಾದರೆ ಪ್ರತಿ ಪ್ರಶ್ನೆಗೂ ತಕ್ಕ ಪಾತ್ರವನ್ನು ಮೊದಲೇ ಆರಿಸಬಹುದಲ್ಲ ಎಂದು ಅವರು ಹಲವು ಬಗೆಯಲ್ಲಿ ಪ್ರಯತ್ನಿಸಿದರು. ಕಣ್ಣು ಮುಚ್ಚಿ ಯಾವುದೋ ಒಂದನ್ನು ಆರಿಸಿದ್ದಕ್ಕಿಂತ ಹೆಚ್ಚಿನ ಫಲ ಸಿಗಲಿಲ್ಲ. ಕಾನೂನಿನ ಪ್ರಶ್ನೆಗೆ ವಕೀಲನ ಪಾತ್ರವೇ ಒದಗುತ್ತದೆ ಎಂಬ ಭರವಸೆಯೂ ಇಲ್ಲ ಎಂದಾಯಿತು. ‘ನಾನು ಪಾತ್ರ ಕೊಟ್ಟೆ, ಸರಿಯಾದ ಉತ್ತರ ಬಂತು’ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರು ಕಂಡದ್ದು ಇಂಥದೊಂದು ಏರಿಳಿತವನ್ನು.

ಇದಕ್ಕೆ ಎದುರಾಗಿ ನಿಲ್ಲುವಂತೆ ಕಾಣುವ ಪ್ರಯೋಗವೂ ಒಂದಿದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಗಿನ ಚಾಟ್‌ಜಿಪಿಟಿಗೆ ಒಂದು ಆಟದಂಥ ಲೆಕ್ಕ ಕೊಟ್ಟರು: ಕೊಟ್ಟ ಹೆಸರುಗಳ ಕೊನೆಯ ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿ ಹೇಳು. Ravi, Mohan, Anita, Suresh ಎಂದು ಕೊಟ್ಟರೆ inah ಎಂಬ ಉತ್ತರ ಬರಬೇಕು. ಮಾಡೆಲ್‌ಗಳು ಪದವನ್ನು ಅಕ್ಷರ ಅಕ್ಷರವಾಗಿ ನೋಡದೆ ತುಣುಕುಗಳಾಗಿ ನೋಡುವುದರಿಂದ ಇದು ಅವಕ್ಕೆ ಕಷ್ಟ. ಪಾತ್ರವಿಲ್ಲದೆ ಕೇಳಿದಾಗ ನೂರಕ್ಕೆ 23.8ರಷ್ಟು ಸರಿಯಾಗಿತ್ತು. ಪಾತ್ರ ಕೊಟ್ಟು, ಆ ಪಾತ್ರವನ್ನು ಒಪ್ಪಿಕೊಂಡ ಮಾತನ್ನೂ ಸಂಭಾಷಣೆಯಲ್ಲಿ ಸೇರಿಸಿ ಕೇಳಿದಾಗ 84.2ಕ್ಕೆ ಏರಿತು.

ಇಷ್ಟು ದೊಡ್ಡ ನೆಗೆತ ಎಲ್ಲಿಂದ ಬಂತು? ಉತ್ತರವನ್ನು ಆ ಸಂಶೋಧಕರೇ ಕೊಟ್ಟಿದ್ದಾರೆ. ಗಣಿತದ ಲೆಕ್ಕಗಳಿಗೆ ಅವರು ಕೊಟ್ಟ ಪಾತ್ರ ‘ವಿದ್ಯಾರ್ಥಿಗೆ ಲೆಕ್ಕ ಹೇಳಿಕೊಡುವ ಒಳ್ಳೆಯ ಗಣಿತ ಮೇಷ್ಟ್ರು’ ಎಂಬುದು. ಹೇಳಿಕೊಡುವವರು ಉತ್ತರವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದಿಲ್ಲ. ಮೊದಲು ಇದು, ಆಮೇಲೆ ಇದು ಎಂದು ಹಂತ ಹಂತವಾಗಿ ಬಿಡಿಸುತ್ತಾರೆ. ಪಾತ್ರ ಮಾಡಿದ್ದು ಮಾಡೆಲ್ ಹಂತಗಳನ್ನು ಬರೆದುಕೊಳ್ಳುವಂತೆ ಪ್ರೇರೇಪಿಸುವ ಕೆಲಸವನ್ನು. ಮೊದಲ ಹೆಸರಿನ ಕೊನೆಯಲ್ಲಿ i, ಎರಡನೆಯದರಲ್ಲಿ n ಎಂದು ಬರೆದುಕೊಂಡು ಹೋದರೆ ಕೊನೆಗೆ ಜೋಡಿಸುವುದು ಸುಲಭ. ‘ಹಂತ ಹಂತವಾಗಿ ಯೋಚಿಸೋಣ’ ಎಂಬ ಒಂದು ವಾಕ್ಯ ಸೇರಿಸಿದರೂ ಇಂಥ ಲೆಕ್ಕಗಳಲ್ಲಿ ದೊಡ್ಡ ಸುಧಾರಣೆ ಆಗುತ್ತದೆಂದು 2022ರಲ್ಲೇ ಟೋಕಿಯೊ ವಿಶ್ವವಿದ್ಯಾಲಯ ಮತ್ತು ಗೂಗಲ್‌ನ ಸಂಶೋಧಕರು ತೋರಿಸಿದ್ದರು. ಈಚಿನ ಹಲವು ಮಾಡೆಲ್‌ಗಳು ಹೇಳದೆಯೇ ಹಂತಗಳನ್ನು ಹಾಕಿಕೊಳ್ಳುವುದರಿಂದ ಮೇಷ್ಟ್ರ ಪಾತ್ರಕ್ಕೆ ಅಲ್ಲೂ ಹೆಚ್ಚು ಕೆಲಸ ಉಳಿದಿಲ್ಲ.

ಎರಡೂ ಪ್ರಯೋಗಗಳು ಸೇರಿ ಹೇಳುವುದು ಒಂದೇ. ಪಾತ್ರದಿಂದ ಉತ್ತರ ಕಟ್ಟುವ ರೀತಿ ಬದಲಾಗುತ್ತದೆ. ಆ ರೀತಿಯೇ ಮುಖ್ಯವಾದ ಕೆಲಸದಲ್ಲಿ ಲಾಭವಾಗುತ್ತದೆ. ಗೊತ್ತಿದೆಯೋ ಇಲ್ಲವೋ ಎಂಬುದೇ ಮುಖ್ಯವಾದ ಕಡೆ ಏನೂ ಆಗುವುದಿಲ್ಲ.

ಗಟ್ಟಿ ದನಿಯ ಅಪಾಯ

ಏನೂ ಆಗುವುದಿಲ್ಲ ಎಂದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆದರೆ ತಜ್ಞನ ದನಿ ಬಂದಾಗ ತಪ್ಪೂ ಅದೇ ದನಿಯಲ್ಲಿ ಬರುತ್ತದೆ. ವಕೀಲರ ಬರಹವೆಂದರೆ ಅದರಲ್ಲಿ ಕಾಯಿದೆಯ ಹೆಸರು, ಸೆಕ್ಷನ್ನು, ಹಿಂದಿನ ತೀರ್ಪು ಇರಬೇಕು. ಮಾಡೆಲ್ ಆ ಅಚ್ಚಿಗೆ ತಕ್ಕಂತೆ ಜಾಗ ತುಂಬುತ್ತದೆ, ತುಂಬಿದ್ದು ನಿಜವೇ ಎಂಬುದು ಬೇರೆ ಮಾತು.

ನಮ್ಮ ಪತ್ರದಲ್ಲೇ ಸುಲಭವಾಗಿ ನುಸುಳಬಹುದಾದ ಒಂದು ವಾಕ್ಯ ನೋಡಿ: ‘ಮಾದರಿ ಬಾಡಿಗೆ ಕಾಯಿದೆಯ ಪ್ರಕಾರ ತಾವು ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ.’ ಕೇಳಲು ಗಟ್ಟಿಯಾಗಿದೆ. ಅಂಥದೊಂದು ಮಾದರಿ ಕಾಯಿದೆಗೆ ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟದ್ದೂ, ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನು ಅದು ಹೇಳುವುದೂ ನಿಜ. ಆದರೆ ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ. ರಾಜ್ಯವೊಂದು ಅದನ್ನು ತನ್ನ ಕಾನೂನಾಗಿ ತರದ ಹೊರತು ಅಲ್ಲಿನ ಓನರ್‌ಗೆ ಅದು ಕಟ್ಟುಪಾಡಾಗುವುದಿಲ್ಲ. ಇದನ್ನು ಪರಿಶೀಲಿಸದೆ ಪತ್ರ ಕಳಿಸಿದರೆ, ತಿಳಿದ ಓನರ್ ಆ ಒಂದು ವಾಕ್ಯವನ್ನು ಹಿಡಿದು ಇಡೀ ಪತ್ರವನ್ನೇ ತಳ್ಳಿಹಾಕಬಹುದು. ‘ಹೈಕೋರ್ಟ್ ವಕೀಲ’ ಎಂಬ ಪಾತ್ರ ಇಂಥ ತಪ್ಪನ್ನು ತಡೆಯುವುದಿಲ್ಲ, ಅದನ್ನು ನಂಬುವಂತೆ ಮಾಡುತ್ತದೆ.

ಈ ದನಿಗೆ ಮೋಸಹೋದವರು ಬರಿ ಸಾಮಾನ್ಯರಲ್ಲ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ಮಾಟಾ ವಿರುದ್ಧ ಏವಿಯಾಂಕಾ ಎಂಬ ಪ್ರಕರಣ ನಡೆಯಿತು. ಪ್ರಯಾಣಿಕನ ಪರ ವಕೀಲರು ಸಲ್ಲಿಸಿದ ವಾದಪತ್ರದಲ್ಲಿದ್ದ ಹಲವು ತೀರ್ಪುಗಳು ಎಲ್ಲೂ ಇರಲಿಲ್ಲ. ಅವು ಚಾಟ್‌ಜಿಪಿಟಿ ಕಟ್ಟಿದವು. ಈ ತೀರ್ಪುಗಳು ನಿಜವೇ ಎಂದು ಅದನ್ನೇ ಕೇಳಿದಾಗ ಹೌದೆಂದಿತ್ತು. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ವಕೀಲಿ ಓದಿದವರನ್ನೇ ನಂಬಿಸುವಷ್ಟು ಆ ಬರಹದ ಆಕಾರ ಅಚ್ಚುಕಟ್ಟಾಗಿತ್ತು.

ಪಾತ್ರದಿಂದ ಉತ್ತರ ಕೆಡುವುದೂ ಉಂಟು. 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮಾಡೆಲ್‌ಗಳಿಗೆ ಧರ್ಮ, ಲಿಂಗ, ಅಂಗವೈಕಲ್ಯಗಳಿಗೆ ಸೇರಿದ ಗುರುತುಗಳನ್ನು ಪಾತ್ರವಾಗಿ ಕೊಟ್ಟು ಲೆಕ್ಕ, ತರ್ಕದ ಪ್ರಶ್ನೆ ಕೇಳಿದರು. ಅಂಗವೈಕಲ್ಯವಿರುವವರಿಗೆ ಲೆಕ್ಕ ಬರುವುದಿಲ್ಲವೇ ಎಂದು ನೇರವಾಗಿ ಕೇಳಿದರೆ ‘ಹಾಗೇನಿಲ್ಲ’ ಎನ್ನುವ ಮಾಡೆಲ್, ಅದೇ ಪಾತ್ರ ವಹಿಸಿದಾಗ ‘ನನಗೆ ಇದು ಆಗದು’ ಎಂದು ಲೆಕ್ಕವನ್ನೇ ಬಿಟ್ಟುಬಿಟ್ಟ ಉದಾಹರಣೆಗಳು ಸಿಕ್ಕಿದವು. ಸಮಾಜದ ಪೂರ್ವಗ್ರಹವೂ ಬರಹದಲ್ಲಿದೆ. ಪಾತ್ರ ಅದನ್ನೂ ಎಳೆದು ತರುತ್ತದೆ. ‘ನೀನು ಹಳ್ಳಿಯ ಹೆಂಗಸು’, ‘ನೀನು ಕೂಲಿ ಕೆಲಸದವನು’ ಎಂದು ಪಾತ್ರ ಕೊಡುವವರು ಇದನ್ನು ನೆನಪಿಡಬೇಕು.

ಪಾತ್ರ ನಿಜಕ್ಕೂ ಒದಗುವ ಕಡೆ

ಹಾಗೆಂದು ಪಾತ್ರ ಕೊಡುವುದನ್ನೇ ಬಿಡಬೇಕಾಗಿಲ್ಲ. ದನಿಯೇ ಮುಖ್ಯವಾದ ಕೆಲಸಗಳು ಎಷ್ಟೋ ಇವೆ. ನಮ್ಮ ಉದಾಹರಣೆಯಲ್ಲೇ ಅಂಥ ಎರಡು ಇವೆ.

ಮೊದಲನೆಯದು ಓದುವವರಿಗೆ ತಕ್ಕ ಭಾಷೆ. ಓನರ್ ಅರವತ್ತೈದು ದಾಟಿದ ನಿವೃತ್ತ ಮೇಷ್ಟ್ರು, ಇಷ್ಟು ದಿನ ಚೆನ್ನಾಗಿಯೇ ಇದ್ದವರು ಎಂದುಕೊಳ್ಳಿ. ಅವರಿಗೆ ವಕೀಲರ ನೋಟೀಸಿನ ಧಾಟಿಯಲ್ಲಿ ಬರೆದರೆ ಮಾತು ಮುರಿದುಬೀಳುತ್ತದೆ. ಇಲ್ಲಿ ಬರೆಯುವವರ ಬಿರುದಿಗಿಂತ ಓದುವವರು ಯಾರು ಎಂದು ಹೇಳುವುದು ಹೆಚ್ಚು ಫಲ ಕೊಡುತ್ತದೆ. ‘ಓದುವವರು ಹಿರಿಯರು, ಮರ್ಯಾದೆ ಬಿಡದೆ, ಆದರೆ ಹಣದ ಮಾತನ್ನು ಸ್ಪಷ್ಟವಾಗಿ ಬರೆ’ ಎಂದರೆ ‘ನೀನು ಸಂವಹನ ತಜ್ಞ’ ಎನ್ನುವುದಕ್ಕಿಂತ ಹೆಚ್ಚು ಮಾಹಿತಿ ಮಾಡೆಲ್‌ಗೆ ಸಿಗುತ್ತದೆ.

ಎರಡನೆಯದು ಅಭ್ಯಾಸ. ಇಲ್ಲಿ ಪಾತ್ರವೇ ಕೆಲಸ, ಅದಿಲ್ಲದೆ ಕೆಲಸವೇ ನಡೆಯದು. ಪತ್ರ ಸಿದ್ಧವಾದ ಮೇಲೆ ‘ಈಗ ನೀನು ಮನೆ ಓನರ್. ಈ ಪತ್ರ ನಿನ್ನ ಕೈಗೆ ಬಂದಿದೆ. ಹಣ ಕೊಡಲು ನಿನಗೆ ಇಷ್ಟವಿಲ್ಲ. ಒಂದೊಂದೇ ಆಕ್ಷೇಪ ಎತ್ತು, ನಾನು ಉತ್ತರಿಸುತ್ತೇನೆ’ ಎಂದು ಕೇಳಿ. ‘ಅಡುಗೆಮನೆಯ ನಲ್ಲಿ ಒಡೆದಿತ್ತಲ್ಲ’, ‘ಕೊನೆಯ ತಿಂಗಳ ನೀರಿನ ಬಿಲ್ ಯಾರು ಕಟ್ಟಿದರು’, ‘ಗೋಡೆಗೆ ಮೊಳೆ ಹೊಡೆದಿದ್ದೀರಿ’ ಎಂಬಂಥ ಆಕ್ಷೇಪಗಳು ಬರಬಹುದು. ಅವೆಲ್ಲ ನಿಜವಾಗಿರಬೇಕಿಲ್ಲ. ಮನೆ ಬಿಡುವಾಗ ಫೋಟೊ ತೆಗೆದಿಟ್ಟಿದ್ದೇವೆಯೇ, ನೀರಿನ ಬಿಲ್‌ನ ರಸೀದಿ ಇದೆಯೇ ಎಂದು ನಾವು ಹುಡುಕಿಕೊಂಡರೆ ಅದರ ಕೆಲಸ ಆಯಿತು. ಕೆಲಸದ ಸಂದರ್ಶನಕ್ಕೆ ತಯಾರಾಗುವವರಿಗೂ ಇದೇ ಬಗೆಯ ಉಪಯೋಗ. ಪಾತ್ರ ಹೇಳಿದ್ದು ತಪ್ಪಾದರೂ ಇಲ್ಲಿ ನಷ್ಟವಿಲ್ಲ, ಏಕೆಂದರೆ ನಮಗೆ ಬೇಕಾದದ್ದು ಅದರ ಮಾಹಿತಿಯಲ್ಲ, ಎದುರಿಗೊಬ್ಬರು ಕೂತು ಕೇಳುವ ಪ್ರಶ್ನೆಗಳು.

ಈ ಎರಡರ ನಡುವೆ ಬರುವುದು ಪರಿಶೀಲನೆಯ ಕೆಲಸ. ‘ನೀನು ಅನುಭವಿ ವಕೀಲ, ಈ ಅಗ್ರಿಮೆಂಟ್ ನೋಡಿ ಹೇಳು’ ಎಂದರೆ ಕೆಲವೊಮ್ಮೆ ಒಳ್ಳೆಯ ಅಂಶಗಳು ಬರುತ್ತವೆ, ಕೆಲವೊಮ್ಮೆ ಬರಿ ಸಾಮಾನ್ಯ ಮಾತು. ವಕೀಲರು ಏನೇನು ನೋಡುತ್ತಾರೋ ಅದನ್ನೇ ಬಿಡಿಸಿ ಹೇಳಿದರೆ ಅದೃಷ್ಟಕ್ಕೆ ಬಿಡಬೇಕಾಗುವುದಿಲ್ಲ: ಅಡ್ವಾನ್ಸ್ ಯಾವಾಗ ಮರಳಿಸಬೇಕು ಎಂದಿದೆ, ಯಾವ ಯಾವ ಖರ್ಚು ಮುರಿಯಬಹುದು ಎಂದಿದೆ, ರಿಪೇರಿಗೆ ಬಿಲ್ ಕೊಡಬೇಕೆಂಬ ಮಾತು ಇದೆಯೇ, ಪ್ರತಿಯೊಂದಕ್ಕೂ ಅಗ್ರಿಮೆಂಟ್‌ನ ಯಾವ ಸಾಲು ಆಧಾರ.

ಪಾತ್ರದ ಜಾಗದಲ್ಲಿ ಏನು ಬರೆಯಬೇಕು

ಈ ಪತ್ರಕ್ಕೆ ತಜ್ಞನ ಬಿರುದೇ ಇಲ್ಲದ ಒಂದು ಕೋರಿಕೆ ಹೀಗಿರಬಹುದು:

‘ಮನೆ ಓನರ್‌ಗೆ ಕನ್ನಡದಲ್ಲಿ ಒಂದು ಪುಟದ ಪತ್ರ ಬರೆ. ಅಡ್ವಾನ್ಸ್ 1,50,000. ಪೇಂಟಿಂಗ್‌ಗೆ 15,000 ಮುರಿಯಲು ಅಗ್ರಿಮೆಂಟ್‌ನಲ್ಲಿ ಒಪ್ಪಿಗೆ ಇದೆ, ಅದನ್ನು ನಾನು ಒಪ್ಪುತ್ತೇನೆ. ಮೇ 31ಕ್ಕೆ ಮನೆ ಖಾಲಿ ಮಾಡಿ ಬೀಗದ ಕೈ ಕೊಟ್ಟೆ. ಬಂದದ್ದು 90,000. ಉಳಿದ 45,000ಕ್ಕೆ ರಿಪೇರಿ ಬಿಲ್ ತೋರಿಸಬೇಕು, ಇಲ್ಲವೇ 15 ದಿನದಲ್ಲಿ ಹಣ ಕೊಡಬೇಕು ಎಂಬುದು ನನ್ನ ಕೋರಿಕೆ. ಓದುವವರು ಹಿರಿಯರು, ಮರ್ಯಾದೆಯಿಂದ ಬರೆ. ನಾನು ಕೊಟ್ಟ ಮಾಹಿತಿಯ ಹೊರಗೆ ಯಾವ ಕಾಯಿದೆ, ಸೆಕ್ಷನ್, ತೀರ್ಪನ್ನೂ ಸೇರಿಸಬೇಡ. ಮಾಹಿತಿ ಸಾಲದಿದ್ದರೆ ಮೊದಲು ನನ್ನನ್ನು ಕೇಳು.’

ಈ ಕೋರಿಕೆಯಿಂದ ಬರುವ ಪತ್ರದಲ್ಲಿ ಹೋರಾಟದ ಅಂಶ ಎದ್ದು ಕಾಣುತ್ತದೆ. ಒಪ್ಪಿದ್ದನ್ನು ಒಪ್ಪಿ, ಒಪ್ಪದ 45,000ಕ್ಕೆ ಬಿಲ್ ಕೇಳುವ ಪತ್ರ ಬೆದರಿಕೆಯ ನೋಟೀಸಿಗಿಂತ ಬಲವಾದದ್ದು. ಕೊನೆಗೆ ಕಾನೂನಿನ ಆಧಾರ ಬೇಕೇ ಬೇಕೆಂದಾದರೆ, ಆ ಭಾಗಕ್ಕೆ ನಿಜವಾದ ವಕೀಲರ ಬಳಿಗೇ ಹೋಗಬೇಕು. ಅಷ್ಟೊತ್ತಿಗೆ ದಿನಾಂಕ, ಮೊತ್ತ, ದಾಖಲೆ ಎಲ್ಲವೂ ಒಂದೇ ಹಾಳೆಯಲ್ಲಿ ಸಿದ್ಧವಿರುತ್ತದೆ.

ನಿಮ್ಮ ಕೆಲಸದಲ್ಲಿ ಪಾತ್ರ ಏನಾದರೂ ಮಾಡುತ್ತಿದೆಯೇ ಎಂದು ನೀವೇ ಪರೀಕ್ಷಿಸಬಹುದು. ಖಚಿತ ಉತ್ತರ ನಿಮಗೆ ಮೊದಲೇ ಗೊತ್ತಿರುವ ನಾಲ್ಕಾರು ಪ್ರಶ್ನೆಗಳನ್ನು ಆರಿಸಿಕೊಳ್ಳಿ. ಒಂದೊಂದನ್ನೂ ಮೂರು ಬಗೆಯಲ್ಲಿ ಕೇಳಿ: ಪಾತ್ರವಿಲ್ಲದೆ, ತಕ್ಕ ತಜ್ಞನ ಪಾತ್ರದಲ್ಲಿ, ಸಂಬಂಧವೇ ಇಲ್ಲದ ಪಾತ್ರದಲ್ಲಿ. ಕಾನೂನಿನ ಪ್ರಶ್ನೆಯನ್ನು ‘ನೀನು ಅಡುಗೆ ಭಟ್ಟ’ ಎಂದೂ ಕೇಳಿ ನೋಡಿ. ಪ್ರತಿ ಸಲವೂ ಹೊಸ ಚಾಟ್ ತೆರೆಯಿರಿ, ಹಳೆಯ ಮಾತನ್ನು ನೆನಪಿಡುವ ಸೌಲಭ್ಯವಿದ್ದರೆ ಅದನ್ನು ಆರಿಸಿ, ಇಲ್ಲದಿದ್ದರೆ ಹಿಂದಿನ ಪಾತ್ರದ ನೆರಳು ಮುಂದಿನ ಉತ್ತರದ ಮೇಲೆ ಬೀಳುತ್ತದೆ. ಒಂದೇ ಪ್ರಶ್ನೆಗೆ ಪ್ರತಿ ಸಲ ತುಸು ಬೇರೆ ಉತ್ತರ ಬರುವುದು ಈ ಯಂತ್ರಗಳ ಸ್ವಭಾವವಾದ್ದರಿಂದ ಪ್ರತಿಯೊಂದನ್ನೂ ಹಲವು ಸಲ ಕೇಳಬೇಕು. ಒಮ್ಮೆ ಕೇಳಿ ತೀರ್ಮಾನಕ್ಕೆ ಬಂದರೆ ಅದು ಪಾತ್ರದ ಗುಣವೋ ಆ ಹೊತ್ತಿನ ಏರಿಳಿತವೋ ತಿಳಿಯುವುದಿಲ್ಲ.

ಆಮೇಲೆ ಉತ್ತರಗಳನ್ನು ಓದುವಾಗ ಎರಡು ಪೆನ್ನು ಹಿಡಿಯಿರಿ. ಒಂದರಲ್ಲಿ ಸಂಗತಿಗಳಿಗೆ ಗೆರೆ ಎಳೆಯಿರಿ: ಮೊತ್ತ, ದಿನಾಂಕ, ನಿಯಮ, ಹೆಸರು. ಇನ್ನೊಂದರಲ್ಲಿ ಧಾಟಿಗೆ: ‘ಮಾಡತಕ್ಕದ್ದು’, ‘ನನ್ನ ಅನುಭವದ ಪ್ರಕಾರ’, ‘ನಿಸ್ಸಂದೇಹವಾಗಿ’ ಎಂಬಂಥ ಮಾತುಗಳಿಗೆ. ಪಾತ್ರ ಕೊಟ್ಟಾಗ ಎರಡನೆಯ ಬಣ್ಣ ಮಾತ್ರ ಹೆಚ್ಚಾಗಿ, ಮೊದಲನೆಯದು ಇದ್ದಷ್ಟೇ ಇದ್ದರೆ, ನಿಮಗೆ ಸಿಕ್ಕಿದ್ದು ತಜ್ಞತೆಯಲ್ಲ, ತಜ್ಞನ ಮಾತಿನ ಧಾಟಿ. ಅದು ಬೇಕಾದ ಕೆಲಸಕ್ಕೆ ಅದನ್ನು ಧಾರಾಳವಾಗಿ ಬಳಸಿ. ಮೊದಲ ಬಣ್ಣದ ಗೆರೆಗಳಿಗೆ ಮಾತ್ರ ಆಧಾರವನ್ನು ನೀವೇ ಒದಗಿಸಬೇಕು, ಇಲ್ಲವೇ ಒಂದೊಂದನ್ನೂ ಹೊರಗೆ ತಾಳೆ ನೋಡಬೇಕು.